ಮಳೆಗಾಲದಲ್ಲಿ ಭರಣಿಯ ಮೇಲೆ ಬಿಳಿ ಪದರ: ಮಾವಿನ ಉಪ್ಪಿನಕಾಯಿಯನ್ನು ಚೆಲ್ಲಬೇಕೆ, ಉಳಿಸಬಹುದೆ?

ಕಲಬುರಗಿಯ ಕಡೆ ಮಾವಿನ ಉಪ್ಪಿನಕಾಯಿ ಹಾಕುವುದು ಮೇ ತಿಂಗಳಲ್ಲಿ. ಕೆಡುವುದು ಜುಲೈಯಲ್ಲಿ. ಮೇ ತಿಂಗಳ ಬಿಸಿಲಿನಲ್ಲಿ ಮಾಳಿಗೆಯ ಮೇಲಿಟ್ಟ ಯಾವ ಪಾತ್ರೆಯಲ್ಲೂ ತೇವ ಉಳಿಯುವುದಿಲ್ಲ, ಹಾಗಾಗಿ ಆಗ ಮಾಡಿದ ತಪ್ಪುಗಳು ಆಗಲೇ ಕಾಣಿಸುವುದಿಲ್ಲ. ಮೃಗಶಿರಾ ಮಳೆ ಬಿದ್ದು, ಗಾಳಿ ತೇವವಾಗಿ, ಒಗೆದ ಬಟ್ಟೆ ಎರಡು ದಿನವಾದರೂ ಒಣಗದಿರುವ ಹೊತ್ತಿಗೆ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರೆ ಮೇಲೆ ಬೆಳ್ಳಗೆ ಏನೋ ಕಾಣುತ್ತದೆ. ಅಲ್ಲಿಂದ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಹಿರಿಯರು ಮೇಲಿನದನ್ನು ಕೆರೆದು ತೆಗೆದು ಉಳಿದದ್ದನ್ನು ತಿನ್ನಿ ಎನ್ನುತ್ತಾರೆ. ಕಿರಿಯರು ಇಡೀ ಭರಣಿಯನ್ನೇ ಖಾಲಿ ಮಾಡಿ ಎನ್ನುತ್ತಾರೆ. ಯಾರ ಮಾತು ಸರಿ ಎಂಬುದು ಆ ಬಿಳಿ ಯಾವುದು ಎಂಬುದರ ಮೇಲೆ ನಿಂತಿದೆ.

ನಮ್ಮ ಓಣಿಯ ವೈನಿಯೊಬ್ಬರ ಭರಣಿಯಲ್ಲಿ ಹೋದ ವರ್ಷ ಹೀಗೇ ಆಯಿತು. ನಾಲ್ಕು ಕಿಲೋ ಹೋಳಿನ ಉಪ್ಪಿನಕಾಯಿ, ಎಲ್ಲ ಮನೆಯ ಲೆಕ್ಕದಂತೆಯೇ ಹಾಕಿದ್ದು. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದೊಂದೇ ಹೆಜ್ಜೆ ನೋಡೋಣ.

ಮೊದಲು ಬಿಳಿಯನ್ನು ಗುರುತಿಸಿ

ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ನೋಡಿ. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಬಿಳಿಯೂ ಒಂದೇ ತರಹ ಕಾಣುತ್ತದೆ. ರುಚಿ ನೋಡಬೇಡಿ, ಮೂಗನ್ನು ಭರಣಿಯೊಳಗೆ ಇಳಿಸಿ ಜೋರಾಗಿ ಉಸಿರು ಎಳೆಯಲೂ ಬೇಡಿ. ಬೂಷ್ಟಾಗಿದ್ದರೆ ಅದರ ಧೂಳು ನೇರವಾಗಿ ಎದೆಗೆ ಹೋಗುತ್ತದೆ.

ಅತ್ಯಂತ ನಿರಪಾಯದ್ದು ಉಪ್ಪಿನ ಹರಳು. ಎಣ್ಣೆ ಇಳಿದು ಮೇಲೆ ಬಂದ ಹೋಳಿನ ಅಂಚಿನಲ್ಲಿ, ಭರಣಿಯ ಒಳಗೋಡೆಯಲ್ಲಿ, ನೀರಿನಂಶ ಆರಿ ಉಪ್ಪು ಹರಳಾಗಿ ನಿಲ್ಲುತ್ತದೆ. ಮುಟ್ಟಿದರೆ ಗರಗರ ಎನ್ನುತ್ತದೆ. ಒಣ ಚಮಚದ ತುದಿಯಲ್ಲಿ ಸ್ವಲ್ಪ ತೆಗೆದು ಒಂದು ಬಟ್ಟಲು ಬಿಸಿನೀರಿಗೆ ಹಾಕಿ: ಉಪ್ಪಾದರೆ ಪೂರ್ತಿ ಕರಗುತ್ತದೆ, ಉಳಿದವು ತೇಲುತ್ತವೆ ಅಥವಾ ಎಳೆಎಳೆಯಾಗಿ ಉಳಿಯುತ್ತವೆ. ಫ್ರಿಜ್‌ನಲ್ಲಿಟ್ಟ ಉಪ್ಪಿನಕಾಯಿಯಾದರೆ ಇನ್ನೊಂದು ಸಾಧ್ಯತೆ ಇದೆ. ಶೇಂಗಾ ಎಣ್ಣೆ ತಣ್ಣಗಾದಾಗ ಬೆಳ್ಳಗೆ ರವೆಯಂತೆ ಹೆಪ್ಪುಗಟ್ಟುತ್ತದೆ. ಹೊರಗಿಟ್ಟು ಒಂದು ಗಂಟೆ ಬಿಟ್ಟರೆ ಅದು ಮತ್ತೆ ಎಣ್ಣೆಯಾಗಿಬಿಡುತ್ತದೆ.

ಎರಡನೆಯದು ಯೀಸ್ಟ್ ಪದರ. ಇದು ಚಪ್ಪಟೆಯಾಗಿರುತ್ತದೆ, ಕೆನೆಯ ಬಣ್ಣದ್ದಾಗಿರುತ್ತದೆ, ಕೆಲವೊಮ್ಮೆ ಸುಕ್ಕುಗಟ್ಟಿರುತ್ತದೆ. ಎಣ್ಣೆ ಇಲ್ಲದೆ ಉಪ್ಪುನೀರು ಗಾಳಿಗೆ ತೆರೆದ ಜಾಗದಲ್ಲಿ ಮಾತ್ರ ಹರಡುತ್ತದೆ. ಅದಕ್ಕೆ ಕೂದಲಿನಂಥ ಎಳೆ ಇರುವುದಿಲ್ಲ, ಹಸಿರು ಕಪ್ಪು ಬಣ್ಣ ಇರುವುದಿಲ್ಲ. ವಾಸನೆ ಹುದುಗಿದ ಹಿಟ್ಟಿನ ಕಡೆಗೆ ಇರುತ್ತದೆ. ಈ ಯೀಸ್ಟ್ ತಾನೇ ವಿಷವಲ್ಲ. ಆದರೆ ಮಾವಿನ ಹುಳಿಯನ್ನು ಅದು ತಿಂದು ಬದುಕುತ್ತದೆ, ಹುಳಿ ಕಡಿಮೆಯಾದಷ್ಟೂ ಬೇರೆ ಕೆಟ್ಟ ಜೀವಿಗಳಿಗೆ ಬಾಗಿಲು ತೆರೆಯುತ್ತದೆ. ಆದ್ದರಿಂದ ಅದನ್ನು ಬೇಗ ಕಂಡುಹಿಡಿದರೆ ಉಪ್ಪಿನಕಾಯಿ ಉಳಿಯುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಉಳಿಯುವುದಿಲ್ಲ.

ಮೂರನೆಯದು ಬೂಷ್ಟು. ಹತ್ತಿಯಂತೆ ಉಬ್ಬಿರುತ್ತದೆ, ದುಂಡನೆಯ ಚುಕ್ಕೆಯಾಗಿ ಶುರುವಾಗಿ ಅಗಲವಾಗುತ್ತದೆ, ಕೆಲವೇ ದಿನಗಳಲ್ಲಿ ನಡುವೆ ಹಸಿರು, ಬೂದು ಅಥವಾ ಕಪ್ಪು ಬಣ್ಣ ತಿರುಗುತ್ತದೆ. ಮುಚ್ಚಿಟ್ಟ ಹಳೆಯ ಗೋಣಿಚೀಲದ ವಾಸನೆ. ಇಲ್ಲಿ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಕಣ್ಣಿಗೆ ಕಾಣುವುದು ಬೂಷ್ಟಿನ ಮೇಲ್ಭಾಗ ಮಾತ್ರ. ಅದರ ಎಳೆಗಳು ಮೆತ್ತಗಿನ ಹೋಳಿನೊಳಗೆ ಇಳಿದಿರುತ್ತವೆ, ಕೆಲವು ಜಾತಿಯ ಬೂಷ್ಟುಗಳು ಬಿಡುವ ವಿಷ ರಸದಲ್ಲಿ ಕರಗಿ ಕೆಳಗೂ ಹೋಗುತ್ತದೆ. ಆ ವಿಷ ಕುದಿಸಿದರೂ ಒಗ್ಗರಣೆ ಹಾಕಿದರೂ ಹೋಗುವುದಿಲ್ಲ. ಭರಣಿಯಲ್ಲಿ ಉಬ್ಬಿದ, ಬಣ್ಣ ತಿರುಗಿದ ಬೂಷ್ಟು ಇದ್ದರೆ ನಾಲ್ಕು ಕಿಲೋ ಆಗಲಿ ಹತ್ತು ಕಿಲೋ ಆಗಲಿ, ಚೆಲ್ಲುವುದೊಂದೇ ದಾರಿ. ಯೀಸ್ಟೋ ಬೂಷ್ಟೋ ಎಂದು ಅನುಮಾನ ಬಂದರೂ ಬೂಷ್ಟೆಂದೇ ತಿಳಿಯಿರಿ.

ವೈನಿಯ ಭರಣಿಯಲ್ಲಿ ಇದ್ದದ್ದು ಎರಡನೆಯದು. ಚಪ್ಪಟೆಯ ಕೆನೆ ಪದರ, ಹೋಳು ಗಟ್ಟಿಯಾಗಿಯೇ ಇತ್ತು, ಮಾವಿನ ಹುಳಿ ವಾಸನೆ ಮೇಲುಗೈಯಾಗಿಯೇ ಇತ್ತು. "ಉಪ್ಪು ಬರೋಬ್ಬರಿ ಹಾಕಿದ್ದೆನಲ್ಲ, ಅತ್ತೆಯ ಅಳತೆಯಲ್ಲೇ ಹಾಕಿದ್ದೆ" ಎಂದರು ಅವರು. ಅಳತೆ ಅತ್ತೆಯದೇ, ಉಪ್ಪು ಮಾತ್ರ ಅತ್ತೆಯದಲ್ಲ.

ಉಪ್ಪನ್ನು ತೂಗಿ ಹಾಕಿ, ಅಳೆದು ಅಲ್ಲ

ಅತ್ತೆಯ ಕಾಲದ ಲೆಕ್ಕ ಲೋಟದ್ದು, ಅವರು ಹಾಕುತ್ತಿದ್ದುದು ಕುಟ್ಟಿದ ಪುಡಿ ಉಪ್ಪು. ವೈನಿ ಅದೇ ಲೋಟದಲ್ಲಿ ಹರಳುಪ್ಪು ಹಾಕಿದರು. ಹರಳುಗಳ ನಡುವೆ ಸಂದು ಉಳಿಯುತ್ತದೆ, ಹಾಗಾಗಿ ಲೋಟ ತುಂಬಿದಂತೆ ಕಂಡರೂ ತೂಕ ಕಡಿಮೆ. ಅವರ ಮನೆಯಲ್ಲಿ ಒಂದು ಕಿಲೋ ಹರಳುಪ್ಪಿನ ಪ್ಯಾಕೆಟ್ ಇನ್ನೂ ಹಾಗೇ ಮಡಚಿ ಇಟ್ಟಿತ್ತು. ತೂಗಿದರೆ 450 ಗ್ರಾಂ ಉಳಿದಿತ್ತು. ಎಂದರೆ ನಾಲ್ಕು ಕಿಲೋ ಹೋಳಿಗೆ ಬಿದ್ದದ್ದು 550 ಗ್ರಾಂ.

ಬೀಳಬೇಕಾದದ್ದು ಎಷ್ಟು? ವರ್ಷವಿಡೀ ಹೊರಗೆ ಇಡುವ ಮಾವಿನ ಉಪ್ಪಿನಕಾಯಿಗೆ ಹೋಳಿನ ತೂಕದ ಐದನೇ ಒಂದು ಭಾಗ ಉಪ್ಪು ಎಂಬ ಲೆಕ್ಕ ನೆನಪಿಡಲು ಸುಲಭ, ಕೆಲಸಕ್ಕೂ ಒಳ್ಳೆಯದು. ತೂಗಬೇಕಾದದ್ದು ಮಾರುಕಟ್ಟೆಯಿಂದ ತಂದ ಕಾಯಿಯನ್ನಲ್ಲ, ಹೆಚ್ಚಿ, ಒಳಗಿನ ಬೀಜ ತೆಗೆದು, ಒರೆಸಿದ ಹೋಳನ್ನು. ಐದು ಕಿಲೋ ಕಾಯಿ ತಂದರೆ ಹೋಳು ಸುಮಾರು ನಾಲ್ಕು ಕಿಲೋ ಆಗುತ್ತದೆ, ಕಾಯಿಯ ಜಾತಿಯ ಮೇಲೆ ಹೆಚ್ಚುಕಡಿಮೆ. ನಾಲ್ಕು ಕಿಲೋ ಹೋಳಿಗೆ 800 ಗ್ರಾಂ ಉಪ್ಪು. ಅದರ ಜೊತೆ 400 ಗ್ರಾಂ ಖಾರದ ಪುಡಿ, 250 ಗ್ರಾಂ ಸಾಸಿವೆ ಪುಡಿ, 50 ಗ್ರಾಂ ಹುರಿದ ಮೆಂತ್ಯದ ಪುಡಿ, 25 ಗ್ರಾಂ ಅರಿಸಿನ, 200 ಗ್ರಾಂ ಬೆಳ್ಳುಳ್ಳಿ ಎಂದಿಟ್ಟುಕೊಳ್ಳಿ. ಎಲ್ಲ ಸೇರಿ 5,725 ಗ್ರಾಂ. ಅದರಲ್ಲಿ ಉಪ್ಪಿನ ಪಾಲು ಶೇ. 14.

ಈ ಲೆಕ್ಕದಲ್ಲಿ ಎಣ್ಣೆ ಸೇರಿಸಿಲ್ಲ, ಸೇರಿಸಬಾರದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಹೋಳಿನ ರಸದಲ್ಲಿ ಮಾತ್ರ ಕರಗುತ್ತದೆ, ಕೆಡದಂತೆ ಕಾಯುವುದು ಆ ರಸದಲ್ಲಿನ ಉಪ್ಪೇ. ಎಣ್ಣೆ ಸೇರಿಸಿ ಲೆಕ್ಕ ಹಾಕಿದರೆ ಎಣ್ಣೆ ಹೆಚ್ಚಾದಂತೆಲ್ಲ ಉಪ್ಪೂ ಹೆಚ್ಚು ಬೇಕೇನೋ ಎಂಬ ತಪ್ಪು ಉತ್ತರ ಬರುತ್ತದೆ.

ವೈನಿಯ ಭರಣಿಯಲ್ಲಿ 250 ಗ್ರಾಂ ಉಪ್ಪು ಕಡಿಮೆ ಬಿದ್ದಿದ್ದರಿಂದ ಎಣ್ಣೆ ಬಿಟ್ಟು ಒಟ್ಟು 5,475 ಗ್ರಾಂ ಆಯಿತು, ಉಪ್ಪಿನ ಪಾಲು ಶೇ. 10. ನಾಲಿಗೆಗೆ ಇದು ತಿಳಿಯುವುದಿಲ್ಲ. ಖಾರ ಮತ್ತು ಹುಳಿಯ ನಡುವೆ ಶೇ. 10 ಕೂಡ ಸಾಕಷ್ಟು ಉಪ್ಪೆಂದೇ ಅನ್ನಿಸುತ್ತದೆ. ರುಚಿ ನೋಡಿ ಉಪ್ಪು ಹಾಕುವುದು ಸಾರಿಗೆ ಸರಿ, ವರ್ಷ ಇಡುವ ಉಪ್ಪಿನಕಾಯಿಗೆ ತಕ್ಕಡಿಯೇ ಬೇಕು. ತಕ್ಕಡಿ ಇಲ್ಲದಿದ್ದರೆ ಹೋಳನ್ನು ಕಿರಾಣಿ ಅಂಗಡಿಗೆ ಒಯ್ದು ತೂಗಿಸಿಕೊಂಡು ಬನ್ನಿ. ಉಪ್ಪು ಒಂದು ಕಿಲೋ ಪ್ಯಾಕೆಟ್ಟಿನಲ್ಲೇ ಬರುತ್ತದೆ, ಅದನ್ನು ಐದು ಸಮ ಗುಡ್ಡೆ ಮಾಡಿದರೆ ಗುಡ್ಡೆಗೆ 200 ಗ್ರಾಂ. ಒಂದು ಕಿಲೋ ಹೋಳಿಗೆ ಒಂದು ಗುಡ್ಡೆ.

ಉಪ್ಪು ಕಳೆದುಹೋಗುವ ಇನ್ನೊಂದು ದಾರಿ ಇದೆ, ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ಹೋಳಿಗೆ ಉಪ್ಪು ಅರಿಸಿನ ಹಚ್ಚಿ ಎರಡು ಮೂರು ದಿನ ಇಟ್ಟು, ಬಿಟ್ಟ ನೀರನ್ನು ಬಸಿದು, ಹೋಳನ್ನು ಬಿಸಿಲಿಗೆ ಹಾಕಿ ಆಮೇಲೆ ಮಸಾಲೆ ಕಲಸುವ ಪದ್ಧತಿ ಇದೆ. ಹೋಳು ಗರಿಯಾಗಿ ಉಳಿಯುವುದರಿಂದ ನನಗೂ ಆ ಪದ್ಧತಿಯೇ ಇಷ್ಟ. ಆದರೆ ಬಸಿದ ನೀರನ್ನು ಚೆಲ್ಲಿದರೆ ಅದರೊಂದಿಗೆ ಉಪ್ಪೂ ಹೋಗುತ್ತದೆ. ಅಂಥ ಅರ್ಧ ಲೀಟರ್ ನೀರಿನಲ್ಲಿ ನೂರು ಗ್ರಾಂಗಿಂತ ಹೆಚ್ಚು ಉಪ್ಪು ಇರುತ್ತದೆ. ಚೆಲ್ಲಬೇಡಿ. ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಪೂರ್ತಿ ಆರಿಸಿ, ಸಾಸಿವೆ ಪುಡಿಯನ್ನು ಅದರಲ್ಲೇ ಕಲಸಿ.

ಹರಳುಪ್ಪೋ ಅಯೋಡಿನ್ ಪುಡಿ ಉಪ್ಪೋ ಎಂಬ ವಾದ ನಮ್ಮಲ್ಲಿ ಮುಗಿಯುವುದೇ ಇಲ್ಲ. ತೂಕ ಒಂದೇ ಇದ್ದರೆ ಕೆಡದಂತೆ ಇಡುವುದರಲ್ಲಿ ಎರಡಕ್ಕೂ ಅಂತರವಿಲ್ಲ. ಹರಳುಪ್ಪಿನಲ್ಲಿ ತೇವ ಇರುತ್ತದೆ, ಅದನ್ನು ಬಾಣಲೆಯಲ್ಲಿ ಚಟಪಟ ನಿಲ್ಲುವವರೆಗೆ ಹುರಿದು ಆರಿಸಿ ಆಮೇಲೆ ತೂಗಿ.

ಬಿ.ಪಿ. ಇದೆ ಎಂದು ಉಪ್ಪು ಕಡಿಮೆ ಹಾಕುವವರಿಗೆ ಒಂದು ಮಾತು. ವರ್ಷದ ಉಪ್ಪಿನಕಾಯಿಯಲ್ಲಿ ಉಪ್ಪು ಅರ್ಧ ಮಾಡಿದರೆ ಆರೋಗ್ಯ ಸಿಗುವುದಿಲ್ಲ, ಬೂಷ್ಟು ಸಿಗುತ್ತದೆ. ಕಡಿಮೆ ಉಪ್ಪಿನದು ಬೇಕಾದರೆ ಅರ್ಧ ಕಿಲೋ ಮಾತ್ರ ಹಾಕಿ, ಫ್ರಿಜ್‌ನಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸಿ.

ಎಣ್ಣೆ ಮುಚ್ಚಳ, ಔಷಧಿಯಲ್ಲ

ವೈನಿಯ ಭರಣಿಯಲ್ಲಿ ಉಪ್ಪು ಕಡಿಮೆ ಇದ್ದುದು ಅರ್ಧ ಕಾರಣ. ಇನ್ನರ್ಧ ಎಣ್ಣೆಯದು. ಒಂದು ಲೀಟರ್ ಶೇಂಗಾ ಎಣ್ಣೆ ಹಾಕಿ ಮೇ ಕೊನೆಯ ವಾರ ಬಾಯಿ ಕಟ್ಟಿದ್ದರು. ಅಂದು ಎಣ್ಣೆ ಹೋಳಿನ ಮೇಲೆ ನಿಂತಿತ್ತು. ಮಸಾಲೆಯ ಪುಡಿ, ಅದರಲ್ಲೂ ಸಾಸಿವೆ ಪುಡಿ, ಮೊದಲ ನಾಲ್ಕೈದು ದಿನ ಎಣ್ಣೆಯನ್ನು ಹೀರುತ್ತಲೇ ಇರುತ್ತದೆ. ಹೋಳೂ ಸ್ವಲ್ಪ ಹೀರುತ್ತದೆ. ಆಮೇಲೆ ನೋಡಿದವರಿಲ್ಲ. ಜುಲೈಗೆ ಹೋಳುಗಳು ಎಣ್ಣೆಯಿಂದ ಮೇಲೆ ತಲೆ ಎತ್ತಿದ್ದವು.

ಎಣ್ಣೆ ಯಾವ ಜೀವಿಯನ್ನೂ ಕೊಲ್ಲುವುದಿಲ್ಲ. ಗಾಳಿಯನ್ನು ತಡೆಯುತ್ತದೆ, ಅಷ್ಟೇ. ಬೂಷ್ಟಿಗೂ ಈ ಯೀಸ್ಟಿಗೂ ಬೆಳೆಯಲು ಗಾಳಿ ಬೇಕು, ಅದಕ್ಕೇ ಅವು ಯಾವಾಗಲೂ ಮೇಲೆಯೇ ಹುಟ್ಟುತ್ತವೆ. ಇನ್ನೊಂದು ಸಂಗತಿಯನ್ನೂ ನೋಡಿ. ರಾತ್ರಿ ತಂಪಾದಾಗ ಮುಚ್ಚಳದ ಒಳಗೆ ಬೆವರಿನಂತೆ ನೀರು ಹನಿಯಾಗಿ ಕೆಳಗೆ ಬೀಳುತ್ತದೆ. ಎಣ್ಣೆಯ ಮೇಲೆ ತಲೆ ಎತ್ತಿದ ಹೋಳಿನ ಮೇಲೆ ಆ ಹನಿ ಬಿದ್ದರೆ ಅಲ್ಲಿನ ಉಪ್ಪು ತೆಳುವಾಗುತ್ತದೆ. ಇಡೀ ಭರಣಿಯಲ್ಲಿ ಶೇ. 14 ಇದ್ದರೂ ಆ ಒಂದು ಹೋಳಿನ ಬೆನ್ನ ಮೇಲೆ ಶೇ. 5 ಇರಬಹುದು. ಹೀಗಾಗಿ ಉಪ್ಪು ಸರಿಯಿದ್ದ ಮನೆಯಲ್ಲೂ ಬೂಷ್ಟು ಬರುತ್ತದೆ. ಉಪ್ಪು ಕಾಯುವುದು ಕೆಳಗನ್ನು, ಎಣ್ಣೆ ಕಾಯುವುದು ಮೇಲನ್ನು. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲು ಆಗುವುದಿಲ್ಲ.

ಎಣ್ಣೆ ಹೋಳಿನ ಮೇಲೆ ಒಂದು ಬೆರಳಗಲ ನಿಲ್ಲಬೇಕು, ಎಂದರೆ ಸುಮಾರು ಒಂದೂವರೆ ಸೆಂಟಿಮೀಟರ್. ನಾಲ್ಕನೇ ದಿನ ಒಮ್ಮೆ, ಹದಿನೈದನೇ ದಿನ ಒಮ್ಮೆ, ಮಳೆ ಶುರುವಾದ ವಾರದಲ್ಲಿ ಒಮ್ಮೆ ನೋಡಿ, ಇಳಿದಷ್ಟು ತುಂಬಿ. ಪಂಚಾಂಗದಲ್ಲಿ ಗುರುತು ಮಾಡಿಕೊಂಡರೂ ತಪ್ಪಿಲ್ಲ.

ಎಷ್ಟು ಎಣ್ಣೆ ಬೇಕು ಎಂಬುದು ಭರಣಿಯ ಬಾಯಿಯ ಅಗಲದ ಮೇಲಿದೆ. ಮೇಲ್ಭಾಗ 20 ಸೆಂಟಿಮೀಟರ್ ಅಗಲದ ಪಾತ್ರೆಯಲ್ಲಿ ಒಂದು ಬೆರಳಗಲ ಎಣ್ಣೆ ನಿಲ್ಲಲು ಸುಮಾರು 470 ಮಿಲಿಲೀಟರ್ ಬೇಕು. 10 ಸೆಂಟಿಮೀಟರ್ ಅಗಲವಾದರೆ 120 ಮಿಲಿಲೀಟರ್ ಸಾಕು. ಅಗಲ ಅರ್ಧವಾದರೆ ಎಣ್ಣೆ ಕಾಲು ಭಾಗಕ್ಕೆ ಇಳಿಯುತ್ತದೆ. ಎಣ್ಣೆಯ ಬೆಲೆ ನೋಡಿ ಕೈ ಹಿಡಿಯುವವರು ದೊಡ್ಡ ಬಾಯಿಯ ಒಂದು ಡಬ್ಬಿಯ ಬದಲು ಉದ್ದನೆಯ, ಸಣ್ಣ ಬಾಯಿಯ ಎರಡು ಭರಣಿ ಇಟ್ಟುಕೊಳ್ಳುವುದು ಜಾಣತನ.

ಮೇಲೆ ತುಂಬುವ ಎಣ್ಣೆಯನ್ನು ಕಾಯಿಸಿ ಆರಿಸಿಯೇ ಹಾಕಬೇಕು. ಗಾಣದ ಎಣ್ಣೆಯಲ್ಲಿ ಸ್ವಲ್ಪ ನೀರಿನಂಶ ಇರುತ್ತದೆ, ಕಾಯಿಸಿದಾಗ ಅದು ನೊರೆಯಾಗಿ ಮೇಲೆ ಬರುತ್ತದೆ. ನೊರೆ ಇಳಿಯುವವರೆಗೆ ಕಾಯಿಸಿ, ದಟ್ಟ ಹೊಗೆ ಏಳುವ ಮೊದಲೇ ಒಲೆಯಿಂದ ಇಳಿಸಿ. ಆರುವಾಗ ತಟ್ಟೆ ಮುಚ್ಚಬೇಡಿ, ತಟ್ಟೆಯಡಿ ಹನಿ ಕೂಡುತ್ತದೆ. ತೆಳುವಾದ ಒಣ ಬಟ್ಟೆ ಹೊದಿಸಿ. ಪಾತ್ರೆಯನ್ನು ಹೊರಗಿನಿಂದ ಮುಟ್ಟಿದರೆ ಸ್ವಲ್ಪವೂ ಬಿಸಿ ತಾಗದ ಮೇಲೆ ಭರಣಿಗೆ ಸುರಿಯಿರಿ. ಬಿಸಿ ಎಣ್ಣೆ ಸುರಿದರೆ ಗಾಜು ಬಿರಿಯುತ್ತದೆ, ಖಾರದ ಪುಡಿ ಕಪ್ಪಾಗುತ್ತದೆ, ಸಾಲದ್ದಕ್ಕೆ ಹೋಳಿನಿಂದ ಆವಿ ಎದ್ದು ಮುಚ್ಚಳದಲ್ಲಿ ನೀರಾಗುತ್ತದೆ.

ಯಾವ ಎಣ್ಣೆ? ಕಲಬುರಗಿ, ಬೀದರ್‌ನ ಹಳ್ಳಿಗಳಲ್ಲಿ ಕುಸುಬಿ ಎಣ್ಣೆಯ ಉಪ್ಪಿನಕಾಯಿ ಹಾಕುವವರಿದ್ದಾರೆ, ಅದರ ರುಚಿಯೇ ಬೇರೆ. ಆದರೆ ಕುಸುಬಿ ಎಣ್ಣೆ ಬೇಗ ಕಮಟು ವಾಸನೆಗೆ ತಿರುಗುತ್ತದೆ, ಶೇಂಗಾ ಮತ್ತು ಎಳ್ಳೆಣ್ಣೆ ಹೆಚ್ಚು ದಿನ ತಡೆಯುತ್ತವೆ. ಕುಸುಬಿಯದು ಬೇಕಾದರೆ ದೀಪಾವಳಿಯೊಳಗೆ ಮುಗಿಯುವಷ್ಟೇ ಹಾಕಿ, ಬೆಳಕು ತಾಗದ ಕಡೆ ಇಡಿ. ಕಮಟು ಹಿಡಿದ ಎಣ್ಣೆಯನ್ನು ಮೇಲೆ ಹೊಸ ಎಣ್ಣೆ ಹಾಕಿ ಮರೆಸಲು ಬರುವುದಿಲ್ಲ, ಒಂದೇ ವಾರದಲ್ಲಿ ಎಲ್ಲವೂ ಅದೇ ವಾಸನೆಗೆ ಬರುತ್ತದೆ.

ಇದೆಲ್ಲಕ್ಕಿಂತ ಸಣ್ಣದಾಗಿ ಕಾಣುವ ಒಂದು ಕೆಲಸ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಭರಣಿಗೆ ತುಂಬಿದ ಮೇಲೆ ಎಣ್ಣೆಯ ಮಟ್ಟದಿಂದ ಮೇಲಿನ ಒಳಗೋಡೆಗೆ ಮಸಾಲೆ ಮೆತ್ತಿಕೊಂಡಿರುತ್ತದೆ. ಅದಕ್ಕೆ ಮುಚ್ಚಳದ ಬೆವರು ತಾಗುತ್ತದೆ, ಎಣ್ಣೆ ತಾಗುವುದಿಲ್ಲ. ಬೂಷ್ಟು ಬಹಳ ಸಲ ಶುರುವಾಗುವುದು ಅಲ್ಲಿಂದಲೇ, ಆಮೇಲೆ ಜಾರಿ ಕೆಳಗೆ ಬೀಳುತ್ತದೆ. ಒಣ ಬಿಳಿ ಬಟ್ಟೆಯನ್ನು ಕಾಯಿಸಿ ಆರಿಸಿದ ಎಣ್ಣೆಯಲ್ಲಿ ಅದ್ದಿ ಆ ಗೋಡೆಯನ್ನು ಸುತ್ತಲೂ ಒರೆಸಿ. ಪ್ರತಿ ಸಲ ಉಪ್ಪಿನಕಾಯಿ ತೆಗೆದ ಮೇಲೂ ಒರೆಸಿ.

ಭರಣಿ ಒಣಗಿದೆ ಎಂದು ತಿಳಿಯುವುದು ಹೇಗೆ

ಚೀನಿ ಮಣ್ಣಿನ ಭರಣಿಯಾದರೆ ತೊಳೆಯುವ ಮೊದಲು ಒಳಗೆ ಬೆರಳಾಡಿಸಿ. ಮೆರುಗಿನಲ್ಲಿ ಕೂದಲಿನಂಥ ಬಿರುಕಿದ್ದರೆ, ಎಲ್ಲಾದರೂ ಮೆರುಗು ಎದ್ದು ಒರಟಾಗಿದ್ದರೆ, ಅದನ್ನು ಉಪ್ಪು ತುಂಬಿಡಲು ಬಳಸಿ, ಉಪ್ಪಿನಕಾಯಿಗೆ ಬೇಡ. ಬಿರುಕಿನೊಳಗೆ ಹೋದ ವರ್ಷದ ಎಣ್ಣೆ ಕಮಟಾಗಿ ಕೂತಿರುತ್ತದೆ, ತೇವವೂ ಕೂತಿರುತ್ತದೆ, ಎಷ್ಟು ಬಿಸಿಲಿಗಿಟ್ಟರೂ ಒಳಗಿನದು ಬರುವುದಿಲ್ಲ.

ಸರಿಯಿದ್ದರೆ ಬಿಸಿನೀರು ಮತ್ತು ಸಾಬೂನಿನಿಂದ ತೊಳೆದು, ಕುದಿಯುವ ನೀರಿನಿಂದ ಅಲುಬಿ, ಬೋರಲು ಹಾಕಿ ನೀರು ಬಸಿದು, ಆಮೇಲೆ ಬಾಯಿ ಮೇಲೆ ಮಾಡಿ ಮಾಳಿಗೆಯ ಬಿಸಿಲಿನಲ್ಲಿ ಒಂದು ಪೂರ್ತಿ ದಿನ ಇಡಿ. ಬೋರಲು ಇಟ್ಟೇ ಒಣಗಿಸಿದರೆ ಒಳಗಿನ ಆವಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಗಾಜಿನ ಬಾಟಲಿಯಾದರೆ ದೊಡ್ಡ ಪಾತ್ರೆಯ ತಳಕ್ಕೆ ಮಡಚಿದ ಬಟ್ಟೆ ಹಾಸಿ, ತಣ್ಣೀರಿನಲ್ಲಿ ಬಾಟಲಿ ಮುಳುಗಿಸಿ, ನಿಧಾನವಾಗಿ ಕಾಯಿಸಿ ಕುದಿ ಬಂದ ಮೇಲೆ ಹತ್ತು ನಿಮಿಷ ಬಿಡಿ. ಕುದಿಯುವ ನೀರಿಗೆ ತಣ್ಣನೆಯ ಗಾಜನ್ನು ಇಳಿಸಿದರೆ ಬಿರಿಯುತ್ತದೆ.

ಒಣಗಿದೆಯೇ ಎಂದು ಕೈ ಒಳಗೆ ಹಾಕಿ ನೋಡಬೇಡಿ, ಕೈಯ ತೇವವೇ ಅಂಟುತ್ತದೆ. ಬಿಸಿಲಿನಲ್ಲಿ ಇರುವಾಗಲೇ ಬಾಯಿಗೆ ಗಾಜಿನ ತಟ್ಟೆಯನ್ನು ಅರ್ಧ ಗಂಟೆ ಮುಚ್ಚಿ. ತಟ್ಟೆಯ ಒಳಮೈ ಮಸುಕಾದರೆ ಒಳಗೆ ಇನ್ನೂ ನೀರಿದೆ. ಮುಚ್ಚಳವನ್ನೂ ಹೀಗೇ ನೋಡಿ. ಮುಚ್ಚಳದ ರಬ್ಬರ್ ಉಂಗುರವನ್ನು ಬಿಚ್ಚಿ ಬೇರೆಯಾಗಿ ಒಣಗಿಸಬೇಕು, ಅದರ ಸಂದಿನಲ್ಲಿ ನೀರು ಅಡಗಿ ಕೂರುತ್ತದೆ. ಬಣ್ಣ ಎದ್ದ, ತುಕ್ಕು ಹಿಡಿದ ತಗಡಿನ ಮುಚ್ಚಳ ಬೇಡವೇ ಬೇಡ. ಅಲ್ಯುಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹೋಳು ಕಲಸುವುದೂ ಬೇಡ, ಹುಳಿ ಮತ್ತು ಉಪ್ಪು ಸೇರಿ ಲೋಹವನ್ನು ತಿನ್ನುತ್ತವೆ.

ಕೆಂಡದ ಮೇಲೆ ಇಂಗು ಹಾಕಿ ಅದರ ಹೊಗೆಯ ಮೇಲೆ ಭರಣಿಯನ್ನು ಬೋರಲು ಹಿಡಿಯುವ ಪದ್ಧತಿಯನ್ನು ನಾನು ಬಿಟ್ಟಿಲ್ಲ. ಪರಿಮಳ ಚೆನ್ನಾಗಿರುತ್ತದೆ, ಕೆಂಡದ ಶಾಖಕ್ಕೆ ಕೊನೆಯ ತೇವವೂ ಹೋಗುತ್ತದೆ. ಆದರೆ ಹೊಗೆ ಹಾಕಿದ್ದೇನೆಂದು ಒಣಗಿಸುವುದನ್ನು ಬಿಟ್ಟರೆ ಇಂಗು ಕಾಪಾಡುವುದಿಲ್ಲ. ಮುಟ್ಟಾದವರು ಭರಣಿ ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬ ಮಾತನ್ನೂ ಇದೇ ಜಾಗದಲ್ಲಿ ಮುಗಿಸಿಬಿಡುತ್ತೇನೆ: ಕೆಡಿಸುವುದು ಹಸಿ ಕೈ ಮತ್ತು ಹಸಿ ಚಮಚ, ಅದು ಮನೆಯ ಯಾರದ್ದಾದರೂ ಸರಿ.

ಭರಣಿ ಇಡುವ ಜಾಗಕ್ಕೂ ಬೆಲೆ ಇದೆ. ನಮ್ಮ ಮನೆಗಳ ನೆಲ ಶಹಾಬಾದ್ ಫರಸಿಯದು. ಬೇಸಿಗೆಯಲ್ಲಿ ಅದರ ತಂಪು ಹಿತ, ಮಳೆಗಾಲದಲ್ಲಿ ಅದೇ ಕಲ್ಲು ತಣ್ಣಗೆ ತೇವವಾಗಿ ಇರುತ್ತದೆ. ವೈನಿಯ ಭರಣಿ ಅಡುಗೆಮನೆಯ ಕಿಟಕಿಯ ಕೆಳಗೆ ಫರಸಿಯ ಮೇಲೆಯೇ ಇತ್ತು. ಹಗಲು ಒಲೆಯ ಶಾಖ, ರಾತ್ರಿ ಕಿಟಕಿಯ ತಂಪು, ಒಳಗೆ ದಿನಾ ಬೆವರು. ಮರದ ಮಣೆಯ ಮೇಲೆ, ಒಲೆಯಿಂದ ದೂರದ ಒಳಕೋಣೆಯಲ್ಲಿ ಇಟ್ಟರೆ ಇದು ತಪ್ಪುತ್ತದೆ. ಬೀದರ್‌ನಂಥ ಎತ್ತರದ, ರಾತ್ರಿ ಹೆಚ್ಚು ತಂಪಾಗುವ ಊರಿನಲ್ಲಿ ಇದನ್ನು ಇನ್ನೂ ಹೆಚ್ಚು ನೋಡಿಕೊಳ್ಳಬೇಕು. ಭರಣಿಯಲ್ಲಿ ಎಣ್ಣೆಯಿಂದ ಮುಚ್ಚಳದವರೆಗೆ ಎರಡು ಬೆರಳಿಗಿಂತ ಹೆಚ್ಚು ಖಾಲಿ ಜಾಗ ಉಳಿಯದಂತೆಯೂ ನೋಡಿ. ಅರ್ಧ ಖಾಲಿಯಾದ ದೊಡ್ಡ ಭರಣಿಗಿಂತ ತುಂಬಿದ ಸಣ್ಣ ಬಾಟಲಿ ಒಳ್ಳೆಯದು. ದಿನದ ಊಟಕ್ಕೆ ವಾರಕ್ಕೆ ಬೇಕಾದಷ್ಟನ್ನು ಬಿಸಿಲಿರುವ ದಿನ ಬೇರೆ ಬಾಟಲಿಗೆ ತೆಗೆದಿಟ್ಟುಕೊಳ್ಳಿ, ಜಿಟಿಜಿಟಿ ಮಳೆಯ ದಿನ ದೊಡ್ಡ ಭರಣಿಯ ಬಾಯಿ ಬಿಚ್ಚಬೇಡಿ.

ಯೀಸ್ಟ್ ಪದರ ಬಂದ ಭರಣಿಯನ್ನು ಉಳಿಸುವ ಕ್ರಮ

ಉಳಿಸಲು ಕೈ ಹಾಕುವ ಮೊದಲು ಮೂರು ಸಂಗತಿ ಖಚಿತವಾಗಬೇಕು. ಪದರ ಚಪ್ಪಟೆಯಾಗಿರಬೇಕು, ಎಲ್ಲೂ ಬಣ್ಣ ತಿರುಗಿರಬಾರದು. ಕೆಳಗಿನ ಹೋಳನ್ನು ಚಮಚದಿಂದ ಒತ್ತಿದರೆ ಗಟ್ಟಿಯಾಗಿರಬೇಕು, ಲೋಳೆ ಎಳೆಯಬಾರದು. ವಾಸನೆಯಲ್ಲಿ ಮಾವಿನ ಹುಳಿಯೇ ಮುಂದಿರಬೇಕು. ಒಂದು ತಪ್ಪಿದರೂ ಬಿಟ್ಟುಬಿಡಿ. ಮೂರೂ ಸರಿಯಿದ್ದರೂ ಇಂಥ ಉಪ್ಪಿನಕಾಯಿಯನ್ನು ಬಸುರಿಯರಿಗೆ, ಸಣ್ಣ ಮಕ್ಕಳಿಗೆ, ಕಾಯಿಲೆಯಿಂದ ಸೋತವರಿಗೆ ಕೊಡಬೇಡಿ.

ವೈನಿಯ ಮನೆಯಲ್ಲಿ ಮಾಡಿದ್ದು ಹೀಗೆ. ಒಣ ಸ್ಟೀಲ್ ಸೌಟಿನಿಂದ ಪದರವನ್ನು, ಅದರೊಂದಿಗೆ ಮೇಲಿನ ಎರಡು ಬೆರಳಷ್ಟು ಹೋಳನ್ನೂ ತೆಗೆದು ಚೆಲ್ಲಿದೆವು. ಪದರವನ್ನು ಮಾತ್ರ ತೆಗೆಯಲು ಹೋದರೆ ಅದು ಒಡೆದು ಕೆಳಗೆ ಸೇರುತ್ತದೆ, ಜಿಪುಣತನ ಬೇಡ. ಸುಮಾರು ಅರ್ಧ ಕಿಲೋ ಹೋಯಿತು. ಉಳಿದದ್ದನ್ನು ಅಗಲವಾದ ಒಣ ಸ್ಟೀಲ್ ಪಾತ್ರೆಗೆ ಇಳಿಸಿದೆವು. ಗೋಡೆಗೆ ಮೆತ್ತಿದ್ದನ್ನು ಅದರೊಳಗೆ ಕೆರೆದು ಹಾಕಲಿಲ್ಲ.

ಎಣ್ಣೆ ಬಿಟ್ಟು ಉಳಿದದ್ದು ಸುಮಾರು ಐದು ಕಿಲೋ, ಅದರಲ್ಲಿ ಉಪ್ಪು 500 ಗ್ರಾಂ. ಶೇ. 14ಕ್ಕೆ ತರಲು ಇನ್ನೂ 230 ಗ್ರಾಂ ಬೇಕು. ಇಲ್ಲಿ ಲೆಕ್ಕ ಸ್ವಲ್ಪ ತೊಡಕು: ಐದು ಕಿಲೋದ ಶೇ. 14 ಎಂದರೆ 700 ಗ್ರಾಂ, ಹಾಗಾದರೆ 200 ಸಾಕಲ್ಲ ಎನ್ನಿಸುತ್ತದೆ. ಆದರೆ ಹಾಕುವ ಉಪ್ಪೂ ಒಟ್ಟು ತೂಕಕ್ಕೆ ಸೇರುತ್ತದೆ, ಅದಕ್ಕೇ 30 ಗ್ರಾಂ ಹೆಚ್ಚು. ಉಪ್ಪನ್ನು ಹುರಿದು, ಆರಿಸಿ, ಪುಡಿ ಮಾಡಿ ಹಾಕಿ ತಳದಿಂದ ಮೇಲಕ್ಕೆ ಕಲಸಿದೆವು. ಹರಳಾಗಿ ಹಾಕಿದರೆ ಎಣ್ಣೆ ಹತ್ತಿದ ಹೋಳಿನಲ್ಲಿ ಕರಗಲು ವಾರಗಳೇ ಬೇಕು. ಸ್ಟೀಲ್ ಪಾತ್ರೆಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ಬಿಡಬಾರದು.

ಮರುದಿನ ಒಣಗಿದ ಬೇರೆ ಎರಡು ಗಾಜಿನ ಬಾಟಲಿಗೆ ಒತ್ತಿ ತುಂಬಿ, ಒಣ ಸೌಟಿನ ಹಿಡಿಯಿಂದ ಅಲ್ಲಲ್ಲಿ ಚುಚ್ಚಿ ನಡುವಿನ ಗಾಳಿಗುಳ್ಳೆ ಬಿಡಿಸಿ, ಒಳಗೋಡೆ ಒರೆಸಿ, ಕಾಯಿಸಿ ಆರಿಸಿದ ಶೇಂಗಾ ಎಣ್ಣೆಯನ್ನು ಬೆರಳಗಲ ನಿಲ್ಲುವವರೆಗೆ ಸುರಿದೆವು. ಎರಡಕ್ಕೂ ಸೇರಿ ಮುಕ್ಕಾಲು ಲೀಟರ್‌ನ ಹತ್ತಿರ ಹೋಯಿತು. ಮೊದಲ ವಾರ ದಿನಕ್ಕೊಮ್ಮೆ ಒಣ ಚಮಚದಿಂದ ತಳದವರೆಗೆ ಕಲಸಿ ಎಣ್ಣೆಯನ್ನು ಮತ್ತೆ ಸಮ ಮಾಡಬೇಕು, ಏಕೆಂದರೆ ಉಪ್ಪು ತಳದಲ್ಲಿ ಕೂರುತ್ತದೆ.

ಹತ್ತು ದಿನ ಕಾದು ನೋಡಿ. ಪದರ ಮರಳಿ ಬಂದರೆ, ಮುಚ್ಚಳ ತೆಗೆದಾಗ ಬುಸ್ ಎಂದು ಗಾಳಿ ಹೊರಟರೆ, ಗುಳ್ಳೆ ಏಳುತ್ತಲೇ ಇದ್ದರೆ, ಎರಡನೇ ಸಲ ಉಳಿಸಲು ಹೋಗಬೇಡಿ. ಒಳಗೆ ಹುಳಿ ಆಗಲೇ ಕಡಿಮೆಯಾಗಿದೆ ಎಂದು ಅದರ ಅರ್ಥ. ಬಣ್ಣ ಬಂದ, ಅರೆಹಣ್ಣಾದ ಮಾವಿನಕಾಯಿ ಬಳಸಿದ್ದರೆ ಹೀಗಾಗುವುದು ಹೆಚ್ಚು. ವೈನಿಯ ಬಾಟಲಿಗಳಲ್ಲಿ ಪದರ ಮರಳಿ ಬರಲಿಲ್ಲ. ಉಪ್ಪು ಸ್ವಲ್ಪ ಮುಂದಾಗಿದೆ ಎಂದು ಅವರ ಮನೆಯವರು ಗೊಣಗಿದರಂತೆ.

ಈ ಕ್ರಮ ಮಾವು, ನಿಂಬೆಯಂಥ ಹುಳಿಕಾಯಿಗೆ ಮಾತ್ರ. ಬರಿಯ ಬೆಳ್ಳುಳ್ಳಿಯ ಅಥವಾ ಹಸಿಮೆಣಸಿನಕಾಯಿಯ ಉಪ್ಪಿನಕಾಯಿಗೆ ಇದನ್ನು ಮಾಡಬೇಡಿ. ಅವುಗಳಲ್ಲಿ ತಮ್ಮದೇ ಹುಳಿ ಇಲ್ಲ. ಹುಳಿಯಿಲ್ಲದ, ಉಪ್ಪು ಕಡಿಮೆಯಾದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಗಾಳಿಯಿಲ್ಲದ ಕಡೆಯೇ ಬೆಳೆಯುವ ಬೊಟುಲಿಸಂ ರೋಗಾಣುವಿಗೆ ಎಣ್ಣೆಯೇ ಅನುಕೂಲ ಮಾಡಿಕೊಡುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ಎಷ್ಟೋ ಸಲ ವಾಸನೆಯೂ ಇಲ್ಲ. ಬೆಳ್ಳುಳ್ಳಿಯ ಉಪ್ಪಿನಕಾಯಿಗೆ ನಿಂಬೆರಸ ಧಾರಾಳವಾಗಿ, ಹೋಳೆಲ್ಲ ನೆನೆಯುವಷ್ಟು ಹಾಕಿ, ಫ್ರಿಜ್‌ನಲ್ಲೇ ಇಡಿ. ಮಾವಿನ ಉಪ್ಪಿನಕಾಯಿಗೆ ಬೆಳ್ಳುಳ್ಳಿ ಹಾಕುವಾಗ ಎಸಳನ್ನು ಜಜ್ಜಿ ಹಾಕಿದರೆ ಮಾವಿನ ಹುಳಿ ಅದರೊಳಗೆ ಬೇಗ ಇಳಿಯುತ್ತದೆ.

ಚೆಲ್ಲಬೇಕಾಗಿ ಬಂದರೆ ಗಿಡದ ಬುಡಕ್ಕೆ ಹಾಕಬೇಡಿ, ಅಷ್ಟು ಉಪ್ಪಿಗೆ ಗಿಡ ಒಣಗುತ್ತದೆ. ಮೋರಿಗೂ ಬೇಡ, ಎಣ್ಣೆ ಕಟ್ಟಿಕೊಳ್ಳುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ, ದನಗಳು ಬಾಯಿ ಹಾಕದಂತೆ ಕಟ್ಟಿ ಕಸದ ಗಾಡಿಗೆ ಕೊಡಿ. ಬೂಷ್ಟು ಬಂದ ಗಾಜಿನ ಬಾಟಲಿಯನ್ನು ಮೇಲೆ ಹೇಳಿದಂತೆ ಕುದಿಸಿ ಮತ್ತೆ ಬಳಸಬಹುದು, ರಬ್ಬರ್ ಉಂಗುರವನ್ನು ಮಾತ್ರ ಹೊಸದು ಹಾಕಿಕೊಳ್ಳಿ.